ತಾಳೆ ನೋಡಬೇಕಾದ್ದು ಫೋಟೊದ ಜೊತೆ

ಪರೀಕ್ಷೆ ಹತ್ತಿರವಾದಂತೆ ಹತ್ತನೇ ತರಗತಿಯ ಮಕ್ಕಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಲೆಕ್ಕಗಳ ಫೋಟೊಗಳು ಓಡಾಡತೊಡಗುತ್ತವೆ. ಟ್ಯೂಷನ್ನಿನ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆಯ ಜೆರಾಕ್ಸು, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು, ಎಲ್ಲವೂ ಫೋಟೊ ಆಗಿ ಬರುತ್ತವೆ. ಬೇರೆ ಊರಿನಲ್ಲಿರುವ ಚಿಕ್ಕಪ್ಪನಿಗೋ ಇಂಜಿನಿಯರಿಂಗ್ ಓದುವ ಅಕ್ಕನಿಗೋ ಅದನ್ನೇ ಕಳಿಸಿ ‘ಸ್ವಲ್ಪ ಮಾಡಿಕೊಡಿ’ ಎಂದು ಕೇಳುವುದೂ ಉಂಟು. ಅವರು ಫೋಟೊ ನೋಡಿ ಸಮೀಕರಣವನ್ನು ಹಾಳೆಗೆ ಇಳಿಸಿಕೊಳ್ಳುತ್ತಾರೆ, ಬಿಡಿಸುತ್ತಾರೆ, ಉತ್ತರ ಕಳಿಸುತ್ತಾರೆ.

ಇಲ್ಲಿ ತಪ್ಪು ನುಸುಳಲು ಎರಡು ಜಾಗಗಳಿವೆ. ಒಂದು, ಬಿಡಿಸುವಾಗ. ಇನ್ನೊಂದು, ಅದಕ್ಕೂ ಮೊದಲು, ಫೋಟೊ ಓದುವಾಗ. ಪುಸ್ತಕ ಕೈಯಲ್ಲೇ ಇದ್ದಾಗ ಎರಡನೆಯದು ಅಪರೂಪ. ಫೋಟೊದಲ್ಲಿ ಹಾಗಲ್ಲ. ಫೋನಿನ ನೆರಳು ಹಾಳೆಯ ಮೇಲೆ ಬಿದ್ದಿರುತ್ತದೆ, ಪುಟದ ಅಂಚು ಬಾಗಿರುತ್ತದೆ, ಕಳಿಸುವಾಗ ಚಿತ್ರ ಕುಗ್ಗಿ ಸಣ್ಣ ಗೆರೆಗಳು ಮಾಸಿರುತ್ತವೆ. ಮೊದಲು ಪೆಟ್ಟು ತಿನ್ನುವುದು ಚಿಕ್ಕ ಚಿಹ್ನೆಗಳೇ: ಮೈನಸ್ಸು, ದಶಮಾಂಶದ ಚುಕ್ಕೆ, x ತಲೆಯ ಮೇಲಿನ ವರ್ಗದ 2. ಅಂಕಿಗಳಲ್ಲಿ 3 ಮತ್ತು 8, 1 ಮತ್ತು 7 ಒಂದಕ್ಕೊಂದು ಅದಲುಬದಲಾಗುತ್ತವೆ. ಫೋಟೊದಿಂದ ಲೆಕ್ಕವನ್ನು ಓದಿಕೊಳ್ಳುವ ಆ್ಯಪ್‌ಗಳು ಎಡವುವುದೂ ಹೆಚ್ಚಾಗಿ ಇಲ್ಲೇ.

ಉತ್ತರ ಬಂದ ಮೇಲೆ ಆದೇಶಿಸಿ ತಾಳೆ ನೋಡಬೇಕು ಎಂದು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಆದರೆ ಆ ತಾಳೆಯನ್ನು ಯಾವುದರ ಜೊತೆ ನೋಡುತ್ತೇವೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಒಂದು ಲೆಕ್ಕ ಮಾಡಿಯೇ ನೋಡೋಣ.

ಫೋಟೊದಲ್ಲಿರುವ ಸಮೀಕರಣ x² − 13x + 30 = 0 ಎಂದಿಟ್ಟುಕೊಳ್ಳಿ. ಜೆರಾಕ್ಸಿನಲ್ಲಿ ಪ್ಲಸ್ ಚಿಹ್ನೆಯ ಉದ್ದಗೆರೆ ಮಾಸಿದೆ, ಅಡ್ಡಗೆರೆ ಮಾತ್ರ ಎದ್ದು ಕಾಣುತ್ತಿದೆ. ಬಿಡಿಸುವವರು ಅದನ್ನು x² − 13x − 30 = 0 ಎಂದು ಬರೆದುಕೊಳ್ಳುತ್ತಾರೆ. ಮುಂದೆ ಅವರು ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಾರೆ. ಗುಣಿಸಿದರೆ −30, ಕೂಡಿಸಿದರೆ −13 ಬರುವ ಸಂಖ್ಯೆಗಳು −15 ಮತ್ತು 2. ಆದ್ದರಿಂದ (x − 15)(x + 2) = 0. ಮೂಲಗಳು 15 ಮತ್ತು −2. ತಾಳೆ ನೋಡಲು x ಜಾಗದಲ್ಲಿ 15 ಹಾಕುತ್ತಾರೆ: 225 − 195 − 30 = 0. ಸರಿಹೋಯಿತು. −2 ಹಾಕುತ್ತಾರೆ: 4 + 26 − 30 = 0. ಅದೂ ಸರಿಹೋಯಿತು. ಧೈರ್ಯವಾಗಿ ಉತ್ತರ ಕಳಿಸುತ್ತಾರೆ.

ಉತ್ತರ ತಪ್ಪು. ತಾಳೆ ಮಾತ್ರ ಸುಳ್ಳು ಹೇಳಿಲ್ಲ. ‘ನೀವು ಬರೆದುಕೊಂಡ ಸಮೀಕರಣವನ್ನು ಸರಿಯಾಗಿ ಬಿಡಿಸಿದ್ದೀರಿ’ ಎಂದಷ್ಟೇ ಅದು ಹೇಳಿತು. ಬರೆದುಕೊಂಡದ್ದು ಸರಿಯೇ ಎಂದು ಅದನ್ನು ಯಾರೂ ಕೇಳಿರಲಿಲ್ಲ.

ಈಗ ಅದೇ 15ನ್ನು ಹಿಡಿದು ಹಾಳೆ ಮುಚ್ಚಿಟ್ಟು ಫೋಟೊಗೆ ವಾಪಸ್ ಹೋಗೋಣ. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, ಒಂದೊಂದೇ ಪದವನ್ನು ಹೊಸದಾಗಿ ಓದುತ್ತಾ ಬೆಲೆ ಹಾಕುತ್ತಾ ಹೋಗಬೇಕು. x² ಎಂದರೆ 225. ಅದರಿಂದ 13x, ಅಂದರೆ 195 ಕಳೆದರೆ 30 ಉಳಿಯಿತು. ಮುಂದಿನ ಚಿಹ್ನೆ ಯಾವುದು? ಹಿಗ್ಗಿಸಿದಾಗ ಅಡ್ಡಗೆರೆಯ ಮೇಲೆ ಕೆಳಗೆ ಉದ್ದಗೆರೆಯ ಬೂದು ಗುರುತು ಕಾಣುತ್ತದೆ. ಅದು ಪ್ಲಸ್. 30ಕ್ಕೆ 30 ಕೂಡಿಸಿದರೆ 60, ಸೊನ್ನೆ ಬರಲಿಲ್ಲ. ಓದುವಾಗ ಆದ ತಪ್ಪು ಇಲ್ಲಿ ಸಿಕ್ಕಿಬಿತ್ತು. ಸರಿಯಾದ ಮೂಲಗಳು 10 ಮತ್ತು 3: 100 − 130 + 30 = 0, 9 − 39 + 30 = 0.

‘ತಪ್ಪಾಗಿ ಓದಿದ್ದರೆ ಉತ್ತರ ಅಂಕುಡೊಂಕಾಗಿ ಬರಬೇಕಿತ್ತಲ್ಲ’ ಎಂದು ಅನ್ನಿಸಬಹುದು. ಶಾಲೆಯ ಲೆಕ್ಕಗಳ ಉತ್ತರ ಸಾಮಾನ್ಯವಾಗಿ ಪೂರ್ಣಾಂಕವಾಗಿಯೇ ಬರುವುದರಿಂದ, ವರ್ಗಮೂಲದ ಒಳಗೆ ಒಡ್ಡೊಡ್ಡಾದ ಸಂಖ್ಯೆ ಬಂದರೆ ಓದಿದ್ದರ ಮೇಲೆ ಅನುಮಾನ ಪಡುವುದು ಒಳ್ಳೆಯ ಅಭ್ಯಾಸವೇ. ಆದರೆ ಉತ್ತರ ಚೊಕ್ಕವಾಗಿ ಬಂದ ಮಾತ್ರಕ್ಕೆ ಓದಿದ್ದು ಸರಿ ಎಂದು ನಂಬುವಂತಿಲ್ಲ. ಕೊನೆಯ ಚಿಹ್ನೆ ಪ್ಲಸ್ ಆದರೂ ಮೈನಸ್ ಆದರೂ ಸಲೀಸಾಗಿ ಅಪವರ್ತನವಾಗುವ ಸಮೀಕರಣಗಳು ಬೇಕಾದಷ್ಟಿವೆ. x² − 5x + 6 = 0 ಇದಕ್ಕೆ ಮೂಲಗಳು 2 ಮತ್ತು 3; x² − 5x − 6 = 0 ಇದಕ್ಕೆ 6 ಮತ್ತು −1. 10 ಮತ್ತು 24 ಇರುವ ಜೋಡಿಯೂ ಹೀಗೆಯೇ.

ಚಿಹ್ನೆಯ ತಪ್ಪನ್ನು ಕ್ಷಣದಲ್ಲಿ ಹಿಡಿಯುವ ಒಂದು ಉಪಾಯ ಪಠ್ಯಪುಸ್ತಕದಲ್ಲೇ ಇದೆ. x² ಮುಂದೆ ಬೇರೆ ಸಂಖ್ಯೆ ಇಲ್ಲದಿದ್ದರೆ, ಎರಡು ಮೂಲಗಳ ಗುಣಲಬ್ಧವೇ ಕೊನೆಯ ಪದ. 15ನ್ನು −2ರಿಂದ ಗುಣಿಸಿದರೆ −30. ಫೋಟೊದಲ್ಲಿರುವುದು +30 ಆದರೆ ಎರಡೂ ಮೂಲಗಳು ಒಂದೇ ಚಿಹ್ನೆಯವಾಗಿರಬೇಕು. ಒಂದು ಧನ, ಒಂದು ಋಣ ಬಂದಿದ್ದರೆ ಫೋಟೊದ ಆ ಚಿಹ್ನೆಯನ್ನು ಇನ್ನೊಮ್ಮೆ ನೋಡಬೇಕು. ಆದೇಶಿಸಿ ನೋಡುವುದರಿಂದ ಗೊತ್ತಾಗದ ಇನ್ನೊಂದು ವಿಷಯವೂ ಇದರಿಂದ ಗೊತ್ತಾಗುತ್ತದೆ. x² = 5x ಎಂಬಲ್ಲಿ ಎರಡೂ ಕಡೆ x ಹೊಡೆದುಹಾಕಿ x = 5 ಎಂದು ಬರೆದರೆ ಆದೇಶಿಸಿದಾಗ 25 = 25, ತಾಳೆಯಾಗುತ್ತದೆ. ಬಿಟ್ಟುಹೋದ 0 ಎಂಬ ಮೂಲದ ಸುಳಿವನ್ನು ಅದು ಕೊಡುವುದಿಲ್ಲ. x² − 5x = 0 ಎಂದು ಬರೆದು ಮೂಲಗಳ ಗುಣಲಬ್ಧ ಸೊನ್ನೆ ಎಂದು ಕಂಡುಕೊಂಡರೆ ಅದು ಕೈಗೆ ಸಿಗುತ್ತದೆ.

ಮಾತಿನಲ್ಲಿ ಕೊಟ್ಟ ಲೆಕ್ಕಗಳಲ್ಲಿ ತಾಳೆಯನ್ನು ಸಮೀಕರಣಕ್ಕೂ ಹಿಂದೆ ಒಯ್ಯಬೇಕು. ಒಂದು ಪ್ರಶ್ನೆ ಹೀಗಿದೆ: ಬಸ್ಸೊಂದು 300 ಕಿ.ಮೀ. ದೂರವನ್ನು ಒಂದೇ ವೇಗದಲ್ಲಿ ಕ್ರಮಿಸುತ್ತದೆ. ವೇಗ ಗಂಟೆಗೆ 10 ಕಿ.ಮೀ. ಹೆಚ್ಚಿದ್ದರೆ ಒಂದು ಗಂಟೆ ಮೊದಲೇ ತಲುಪುತ್ತಿತ್ತು. ಬಸ್ಸಿನ ವೇಗವೆಷ್ಟು? ಸರಿಯಾದ ಸಮೀಕರಣ 300/x − 300/(x + 10) = 1. ಒಬ್ಬರು ಗಡಿಬಿಡಿಯಲ್ಲಿ 300/(x − 10) − 300/x = 1 ಎಂದು ಬರೆದರೆನ್ನಿ. ಬಿಡಿಸಿದರೆ x² − 10x − 3000 = 0, ಮೂಲಗಳು 60 ಮತ್ತು −50. ವೇಗ ಋಣವಾಗದು, ಹಾಗಾಗಿ 60 ಎಂದು ಉತ್ತರ ಬರೆದು, ತಮ್ಮ ಸಮೀಕರಣಕ್ಕೇ ಆದೇಶಿಸಿದರೆ 6 − 5 = 1. ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಈಗ ಸಮೀಕರಣವನ್ನು ಮರೆತು ಫೋಟೊದ ವಾಕ್ಯಗಳನ್ನೇ ಓದುತ್ತಾ ಹೋಗಿ. ಗಂಟೆಗೆ 60ರಂತೆ 300 ಕಿ.ಮೀ.ಗೆ 5 ಗಂಟೆ. ವೇಗ 10 ಹೆಚ್ಚಾದರೆ 70. ಆಗ ಸುಮಾರು 4 ಗಂಟೆ 17 ನಿಮಿಷ. ಉಳಿದದ್ದು 43 ನಿಮಿಷ ಮಾತ್ರ, ಒಂದು ಗಂಟೆಯಲ್ಲ. 60 ಎಂಬುದು ಬಸ್ಸಿನ ವೇಗವಲ್ಲ, ಹೆಚ್ಚಿಸಿದ ಮೇಲಿನ ವೇಗ. 50 ಹಾಕಿ ನೋಡಿ: 6 ಗಂಟೆ, 60ಕ್ಕೆ ಏರಿಸಿದರೆ 5 ಗಂಟೆ, ಒಂದು ಗಂಟೆ ಉಳಿಯಿತು.

ಇನ್ನು ಅಂದಾಜಿನ ವಿಷಯ. ಆದೇಶಿಸಲು ಸಮೀಕರಣವೇ ಇಲ್ಲದ ಕಡೆ ಅಂದಾಜು ಬೇಕಾಗುತ್ತದೆ. ‘ಮನೆಯ ಮೇಲಿನ ಸಿಲಿಂಡರಿನಾಕಾರದ ನೀರಿನ ಟ್ಯಾಂಕಿನ ವ್ಯಾಸ 1.4 ಮೀ., ಎತ್ತರ 2 ಮೀ. ಎಷ್ಟು ಲೀಟರ್ ನೀರು ಹಿಡಿಯುತ್ತದೆ?’ ತ್ರಿಜ್ಯ 0.7 ಮೀ. 22/7 × 0.49 × 2 = 3.08 ಘನ ಮೀಟರ್, ಅಂದರೆ 3,080 ಲೀಟರ್. ಅಂದಾಜಿಗೆ ಪೆನ್ನೂ ಬೇಡ: 22/7 ಎಂದರೆ ಹತ್ತಿರಹತ್ತಿರ 3, 0.49 ಎಂದರೆ ಅರ್ಧ, ಅದನ್ನು 2ರಿಂದ ಗುಣಿಸಿದರೆ 1. ಒಟ್ಟು 3 ಘನ ಮೀಟರ್, ಮೂರು ಸಾವಿರ ಲೀಟರ್. ಉತ್ತರ ಅದರ ಆಸುಪಾಸಿನಲ್ಲೇ ಇದೆ.

ಫೋಟೊದಲ್ಲಿ ಚುಕ್ಕೆ ಮಾಸಿ 1.4 ಎಂಬುದು 14 ಆದರೆ ಏನಾಗುತ್ತದೆ? 22/7 × 49 × 2 = 308 ಘನ ಮೀಟರ್, 3,08,000 ಲೀಟರ್. ಅಂಕಿಗಳು ಅವೇ 308, ಉತ್ತರವೂ ಚೊಕ್ಕ. ವ್ಯಾಸ ಹತ್ತು ಪಟ್ಟಾದರೆ ತ್ರಿಜ್ಯದ ವರ್ಗ ನೂರು ಪಟ್ಟಾಗುವುದರಿಂದ ಉತ್ತರವೂ ನೂರು ಪಟ್ಟು ಹಿಗ್ಗಿದೆ. ಅಂದಾಜು ಮಾಡಿದರೆ 3 × 50 × 2 = 300. ಅದೂ ಹೊಂದುತ್ತದೆ! ತಪ್ಪಾಗಿ ಓದಿದ ಸಂಖ್ಯೆಯಿಂದಲೇ ಅಂದಾಜು ಮಾಡಿದರೆ ಅಂದಾಜೂ ಅದೇ ತಪ್ಪಿನ ಜೊತೆ ಹೋಗುತ್ತದೆ. ಆದೇಶದಲ್ಲಿ ನಾವು ಕಂಡದ್ದೇ ಇಲ್ಲೂ ಆಯಿತು.

ಆದ್ದರಿಂದ ಅಂದಾಜಿಗೆ ಹೊರಗಿನ ಒಂದು ಅಳತೆ ಬೇಕು. 3,08,000 ಲೀಟರ್ ಎಂದರೆ ಆರು ಸಾವಿರ ಲೀಟರಿನ ಟ್ಯಾಂಕರುಗಳು ಐವತ್ತಕ್ಕಿಂತ ಹೆಚ್ಚು. 14 ಮೀಟರ್ ಎಂದರೆ ಸುಮಾರು 46 ಅಡಿ. ಮೂವತ್ತು–ನಲವತ್ತರ ಸೈಟಿನಲ್ಲಿ ಅಂಥ ಟ್ಯಾಂಕು ಹಿಡಿಯುವುದೇ ಇಲ್ಲ. ಇಂಥ ಟ್ಯಾಂಕು ಮನೆಯ ಮೇಲೆ ಇರಲಾರದು ಎಂದು ಹೊಳೆದ ಕೂಡಲೇ ಫೋಟೊ ಹಿಗ್ಗಿಸಿ, 1 ಮತ್ತು 4ರ ನಡುವಿನ ತಳದಲ್ಲಿ ಚುಕ್ಕೆ ಇದೆಯೇ ಎಂದು ಹುಡುಕಬೇಕು. ಎರಡು ಅಂಕಿಗಳ ನಡುವೆ ಮಾಮೂಲಿಗಿಂತ ಹೆಚ್ಚು ಜಾಗ ಬಿಟ್ಟಿರುವುದೂ ಚುಕ್ಕೆ ಇದ್ದುದರ ಸುಳಿವೇ.

ಅಂದಾಜಿಗೊಂದು ಮಿತಿ ಇದೆ. ಎತ್ತರ 2 ಮೀಟರ್ ಬದಲು 2.1 ಎಂದು ಓದಿದ್ದರೆ ಉತ್ತರ 3,234 ಲೀಟರ್ ಆಗುತ್ತದೆ. ಮೂರು ಸಾವಿರದ ಅಂದಾಜಿಗೆ ಇದೂ ಹೊಂದುತ್ತದೆ. ಹತ್ತು ಪಟ್ಟು, ನೂರು ಪಟ್ಟಿನ ತಪ್ಪು ಅಂದಾಜಿಗೆ ಸಿಗುತ್ತದೆ. ನೂರಕ್ಕೆ ಐದರಷ್ಟು ತಪ್ಪು ಸಿಗುವುದಿಲ್ಲ. ಅದಕ್ಕೆ ಪ್ರತಿ ಅಂಕಿಯನ್ನೂ ಫೋಟೊದ ಜೊತೆ ಇಟ್ಟು ಓದುವುದೊಂದೇ ದಾರಿ.

ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಲೆಕ್ಕ ಬಿಡಿಸುವ ಬಗೆಯ ಕುರಿತು ಬರೆದ ಪುಸ್ತಕದಲ್ಲಿ ನಾಲ್ಕು ಹಂತಗಳನ್ನು ಹೇಳಿದ್ದಾರೆ: ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವುದು, ದಾರಿ ಯೋಚಿಸುವುದು, ಅದರಂತೆ ಮಾಡುವುದು, ಕೊನೆಗೆ ಹಿಂತಿರುಗಿ ನೋಡುವುದು. ಫೋಟೊದಿಂದ ಓದಿದ ಲೆಕ್ಕದಲ್ಲಿ ಈ ನಾಲ್ಕನೆಯ ಹಂತ ಮೊದಲನೆಯದರವರೆಗೂ ಹೋಗಿ ಮುಟ್ಟಬೇಕು.

ಹಿಗ್ಗಿಸಿ ನೋಡಿದರೂ ಚಿಹ್ನೆ ಪ್ಲಸ್ಸೋ ಮೈನಸ್ಸೋ ತಿಳಿಯದ ಫೋಟೊಗಳಿರುತ್ತವೆ. ಅಂಥಲ್ಲಿ ಎರಡೂ ಚೊಕ್ಕವಾಗಿ ಬಿಡಿಸಲು ಬರುತ್ತವೆ ಎಂದು ಈಗಾಗಲೇ ನೋಡಿದ್ದೇವೆ, ಆದ್ದರಿಂದ ಊಹಿಸಿ ಒಂದನ್ನು ಆರಿಸಿಕೊಳ್ಳಬಾರದು. ಬೆಳಕಿನಲ್ಲಿ, ಹತ್ತಿರದಿಂದ ತೆಗೆದ ಇನ್ನೊಂದು ಫೋಟೊ ಕೇಳಬೇಕು. ಸ್ಪಷ್ಟವಾಗಿದ್ದರೂ ಉತ್ತರ ಕಳಿಸುವಾಗ ಮೊದಲ ಸಾಲಿನಲ್ಲಿ ‘ನಾನು ಓದಿಕೊಂಡ ಸಮೀಕರಣ x² − 13x + 30 = 0’ ಎಂದು ಬರೆದುಬಿಟ್ಟರೆ, ಪುಸ್ತಕವನ್ನು ಎದುರಿಗಿಟ್ಟುಕೊಂಡ ಹುಡುಗಿ ಉತ್ತರ ನೋಡುವ ಮೊದಲೇ ‘ಅಲ್ಲ ಚಿಕ್ಕಪ್ಪ, ಅದು ಮೂವತ್ತಲ್ಲ, ಮೂವತ್ತಾರು’ ಎಂದು ಹೇಳಬಲ್ಲಳು. ಮೂಲಪುಸ್ತಕ ಇರುವುದು ಅವಳ ಕೈಯಲ್ಲಿ, ಆದ್ದರಿಂದ ಕೊನೆಯ ತಾಳೆಯನ್ನು ನೋಡಬೇಕಾದವಳೂ ಅವಳೇ.