ಐದು ಸಾವಿರದ ತಾಳೆ

ಕೊರಿಯರ್, ಆಟೊ ಬಾಡಿಗೆ, ಚಹಾಪುಡಿ, ಜೆರಾಕ್ಸ್. ಸಣ್ಣ ಕಚೇರಿಯ ಇಂಥ ಚಿಲ್ಲರೆ ಖರ್ಚಿಗೆಲ್ಲ ಚೆಕ್ ಬರೆಯಲಾಗುವುದಿಲ್ಲ. ಅದಕ್ಕೇ ಪೆಟ್ಟಿ ಕ್ಯಾಶ್. ಎಂಟು ಹತ್ತು ಜನರ ಕಚೇರಿಯಲ್ಲಿ 5,000 ರೂಪಾಯಿಯನ್ನು ಒಂದು ಬೀಗದ ಪೆಟ್ಟಿಗೆಯಲ್ಲಿಟ್ಟು, ಒಬ್ಬರೇ ಒಬ್ಬರ ಕೈಗೆ ಕೊಟ್ಟರೆ ಸಾಕು. ಅಲ್ಲಿಂದ ಮುಂದೆ ನಿಯಮ ಒಂದೇ: ಯಾವ ಗಳಿಗೆಯಲ್ಲಿ ಪೆಟ್ಟಿಗೆ ತೆರೆದರೂ ಒಳಗಿರುವ ನಗದು ಮತ್ತು ವೋಚರುಗಳ ಮೊತ್ತ ಸೇರಿ 5,000 ಆಗಬೇಕು.

ವೋಚರಿಗೆ ಮೊದಲೇ ಅಚ್ಚಾದ ಕ್ರಮಸಂಖ್ಯೆ ಇರಲಿ. ಒಂದು ಹಾಳೆ ಕಾಣೆಯಾದರೆ ತಕ್ಷಣ ಗೊತ್ತಾಗುತ್ತದೆ. ದಿನಾಂಕ, ಕಾರಣ, ಮೊತ್ತ, ಹಣ ಪಡೆದವರ ಸಹಿ, ಒಪ್ಪಿದವರ ಸಹಿ, ಹಿಂದೆ ಪಿನ್ ಮಾಡಿದ ಬಿಲ್ಲು, ಇಷ್ಟು ಬೇಕು. ಈಗ ಅನೇಕರು ತಮ್ಮ ಫೋನಿನಿಂದಲೇ ಯುಪಿಐ ಮಾಡಿ ಸ್ಕ್ರೀನ್‌ಶಾಟ್ ತೋರಿಸುತ್ತಾರೆ. ಅದು ಹಣ ಹೋಗಿದ್ದಕ್ಕೆ ಸಾಕ್ಷಿಯೇ ಹೊರತು ಏನು ಕೊಂಡರೆಂಬುದಕ್ಕಲ್ಲ. ಬಿಲ್ಲು ಕೇಳಲೇಬೇಕು.

ಒಂದು ವೋಚರಿಗೆ 500 ರೂಪಾಯಿ ಮಿತಿ ಇಟ್ಟು, ಅದಕ್ಕೆ ಮೇಲ್ಪಟ್ಟದ್ದನ್ನು ಬ್ಯಾಂಕ್ ಮೂಲಕ ಕೊಡುವುದು ಒಳ್ಳೆಯದು. ಮಿತಿ ಇಟ್ಟಮೇಲೆ ಗಮನಿಸಬೇಕಾದದ್ದು ಒಡೆದ ಬಿಲ್ಲುಗಳನ್ನು: ಒಂದೇ ದಿನ, ಒಂದೇ ಅಂಗಡಿಯಿಂದ 450 ರೂಪಾಯಿಯ ಎರಡು ವೋಚರು ಬಂದರೆ 900ರ ಖರೀದಿಯೊಂದು ಒಪ್ಪಿಗೆ ತಪ್ಪಿಸಿಕೊಂಡಿದೆ ಎಂದು ಅನುಮಾನಿಸಬಹುದು. ಪೆಟ್ಟಿಗೆ ಇಟ್ಟುಕೊಂಡವರೇ ಒಪ್ಪಿಗೆಯ ಸಹಿಯನ್ನೂ ಹಾಕಬಾರದು. ಸಾಹೇಬರು ಊರಿಗೆ ಹೋಗುವ ಮುನ್ನ ಖಾಲಿ ವೋಚರುಗಳಿಗೆ ಸಹಿ ಹಾಕಿಟ್ಟು ಹೋಗುವ ರೂಢಿಯಂತೂ ಇಡೀ ಏರ್ಪಾಡನ್ನೇ ಕೆಡಿಸುತ್ತದೆ. ಅದರ ಬದಲು ಇನ್ನೊಬ್ಬರಿಗೆ ಬರಹದಲ್ಲಿ ಅಧಿಕಾರ ಕೊಟ್ಟು ಹೋಗಲಿ.

ತಿಂಗಳ ಕೊನೆಯಲ್ಲಿ ತಾಳೆ ನೋಡುವಾಗ ನೋಟು ಎಣಿಸುವವರೂ ಬೇರೆಯವರೇ ಆಗಿರಬೇಕು. ನಗದು 1,410 ಇದೆ, ಪುಸ್ತಕದಲ್ಲಿ ಖರ್ಚು 3,320 ಎಂದಿದೆ ಅಂದುಕೊಳ್ಳಿ. ಕೂಡಿದರೆ 4,730, 270 ರೂಪಾಯಿ ಕಮ್ಮಿ. ಯಾರನ್ನೂ ದೂರುವ ಮೊದಲು ಆ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿ. 270 ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅಂಕಿಗಳು ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ ಹೀಗೆಯೇ ಇರುತ್ತದೆ. ವೋಚರುಗಳನ್ನು ಒಂದೊಂದಾಗಿ ಪುಸ್ತಕದ ಜೊತೆ ಹೋಲಿಸಿದರೆ 17ನೇ ವೋಚರಿನಲ್ಲಿ ಟೋನರ್ ತುಂಬಿಸಿದ 410 ರೂಪಾಯಿ, ಪುಸ್ತಕದಲ್ಲಿ ಅದೇ 140. ತಿದ್ದಿದರೆ ಖರ್ಚು 3,590, ಲೆಕ್ಕ ಸರಿಯಾಗಿ 5,000.

ಇನ್ನು ಬ್ಯಾಂಕಿನಿಂದ ತೆಗೆಯಬೇಕಾದದ್ದು 3,590 ಮಾತ್ರ. ಸುಲಭವೆಂದು 4,000 ತೆಗೆದರೆ ಮುಂದಿನ ತಿಂಗಳು ಯಾವ ಮೊತ್ತಕ್ಕೆ ತಾಳೆ ನೋಡಬೇಕೆಂಬುದೇ ಗೊಂದಲ. ಹಣ ತುಂಬಿದ ಕೂಡಲೇ ಹಳೆಯ ವೋಚರು, ಬಿಲ್ಲುಗಳ ಮೇಲೆ 'ಪಾವತಿಯಾಗಿದೆ' ಎಂಬ ಮುದ್ರೆ ಒತ್ತಿ. ಇಲ್ಲದಿದ್ದರೆ ಅದೇ ಬಿಲ್ಲು ಮತ್ತೊಂದು ತಿಂಗಳು ತಿರುಗಿ ಬರಬಹುದು.

ಎಷ್ಟು ಹುಡುಕಿದರೂ ಕೊರತೆಗೆ ಕಾರಣ ಸಿಗದಿದ್ದರೆ ಪೆಟ್ಟಿಗೆ ಇಟ್ಟುಕೊಂಡವರು ಹೆದರಿ ತಮ್ಮ ಜೇಬಿನಿಂದ ತುಂಬಿಸುವುದುಂಟು. ಹಾಗೆ ಮಾಡಲು ಬಿಡಬೇಡಿ. 'ನಗದು ಕೊರತೆ' ಎಂದೇ ಒಂದು ವೋಚರು ಬರೆದು ಮೇಲಿನವರ ಸಹಿ ಪಡೆಯಲಿ. ಹಣ ಹೆಚ್ಚಿಗೆ ಸಿಕ್ಕಿದರೂ ಅದನ್ನು ಹಾಗೆಯೇ ಪುಸ್ತಕದಲ್ಲಿ ಬರೆಯಲಿ. ಬರೆದಿಟ್ಟರೆ ಮೂರು ತಿಂಗಳು ಸತತವಾಗಿ ಕೊರತೆ ಬಿದ್ದದ್ದು ಯಾರ ಕಣ್ಣಿಗಾದರೂ ಬೀಳುತ್ತದೆ.