ಪಾಲುದಾರರ ಸಂಬಳ: ಡೀಡಿನ ಒಂದು ಸಾಲಿನ ಬೆಲೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಘಾಟಿಗೆ ಸೀನುತ್ತ ಕೂತಿದ್ದೆ. ಪರಿಚಯದ ದಲಾಲಿ ಅಂಗಡಿಯ ಸಾಹುಕಾರರು ತಿಜೋರಿಯಿಂದ ತಮ್ಮ ಪಾಲುದಾರಿಕೆ ಪತ್ರ ತೆಗೆದು ಕೈಗಿಟ್ಟರು. ‘ಓದ್ರಿ ಸರ, ಎಲ್ಲಾ ಬರೋಬ್ಬರಿ ಐತಿ’ ಅಂದರು. ಅಣ್ಣ, ತಮ್ಮ, ತಾಯಿ ಮೂವರೂ ಪಾಲುದಾರರು. ಬಂಡವಾಳಕ್ಕೆ ಶೇ 18 ಬಡ್ಡಿ ಎಂದಿತ್ತು. ಅದರ ಕೆಳಗೆ, ದುಡಿಯುವ ಪಾಲುದಾರರ ಸಂಬಳವನ್ನು ಕಾಲಕಾಲಕ್ಕೆ ಪರಸ್ಪರ ಒಪ್ಪಿ ನಿರ್ಧರಿಸತಕ್ಕದ್ದು ಎಂಬ ಸಾಲು.

ಶೇ 18 ಕಂಡಕೂಡಲೇ ಪತ್ರದ ವಯಸ್ಸು ತಿಳಿಯಿತು. 1992ರ ಹಣಕಾಸು ಕಾಯ್ದೆಗೆ ಮುನ್ನ ಪಾಲುದಾರರಿಗೆ ಕೊಟ್ಟ ಸಂಬಳ, ಬಡ್ಡಿಯನ್ನು ಫರ್ಮಿನ ಖರ್ಚೆಂದು ಇಲಾಖೆ ಒಪ್ಪುತ್ತಲೇ ಇರಲಿಲ್ಲ. ಆ ಕಾಯ್ದೆ ಬಾಗಿಲು ತೆರೆದಾಗ ಬಡ್ಡಿಯ ಮಿತಿ ಶೇ 18 ಇತ್ತು. 2002ರ ಜೂನ್‌ನಲ್ಲಿ ಅದು 12ಕ್ಕೆ ಇಳಿಯಿತು, ಪತ್ರ ಮಾತ್ರ ಅಲ್ಲೇ ಉಳಿಯಿತು. ಅದರಿಂದ ದೊಡ್ಡ ಹಾನಿಯೇನೂ ಇಲ್ಲ. 12ರ ಮೇಲಿನದ್ದು ಫರ್ಮಿನ ಖರ್ಚಾಗದು, ಅಷ್ಟೇ.

ಕುತ್ತು ಇರುವುದು ಎರಡನೆಯ ಸಾಲಿನಲ್ಲಿ. ಅದನ್ನು ಅಳೆಯಲು 2024-25ರ ವರ್ಷಕ್ಕೆ ದುಂಡು ಅಂಕಿಗಳಲ್ಲಿ ಲೆಕ್ಕ ಹಾಕಿದೆವು. ಬಡ್ಡಿ, ಸಂಬಳ ಎರಡನ್ನೂ ಕಳೆಯುವ ಮುಂಚಿನ ಲಾಭ 14 ಲಕ್ಷ ರೂಪಾಯಿ. ಬಂಡವಾಳದಲ್ಲಿ ಅಣ್ಣನದು 10 ಲಕ್ಷ, ತಮ್ಮನದು 5, ತಾಯಿಯದು 10. ಒಟ್ಟು 25 ಲಕ್ಷಕ್ಕೆ ಶೇ 12ರಂತೆ 3 ಲಕ್ಷ ಬಡ್ಡಿ. ತಾಯಿ ಅಂಗಡಿಗೆ ಬಾರದಿದ್ದರೂ ಅವರ ಬಡ್ಡಿಗೆ ಅಡ್ಡಿಯಿಲ್ಲ, ಸಂಬಳ ಮಾತ್ರ ವ್ಯವಹಾರದಲ್ಲಿ ತೊಡಗಿಕೊಂಡವರಿಗೇ.

ಮೊದಲು ಬಡ್ಡಿ ಕಳೆಯಬೇಕು. ಉಳಿದ 11 ಲಕ್ಷವೇ ‘ಬುಕ್ ಪ್ರಾಫಿಟ್’. ಅದರ ಮೊದಲ 6 ಲಕ್ಷಕ್ಕೆ ಶೇ 90 ಅಥವಾ 3 ಲಕ್ಷ, ಯಾವುದು ಹೆಚ್ಚೋ ಅದು, ಇಲ್ಲಿ 5.40 ಲಕ್ಷ. ಮಿಕ್ಕ 5 ಲಕ್ಷಕ್ಕೆ ಶೇ 60, ಅಂದರೆ 3 ಲಕ್ಷ. ಇಬ್ಬರು ಅಣ್ಣತಮ್ಮಂದಿರಿಗೆ ಸೇರಿ ಸಂಬಳದ ಮಿತಿ 8.40 ಲಕ್ಷ. ಅವಸರದ ಗುಮಾಸ್ತರು ಬಡ್ಡಿ ಕಳೆಯದೆ 14 ಲಕ್ಷದ ಮೇಲೇ ಈ ಲೆಕ್ಕ ಹಾಕಿ 10.20 ಲಕ್ಷ ತೋರಿಸುವುದುಂಟು. ಹೆಚ್ಚಾದ 1.80 ಲಕ್ಷಕ್ಕೆ ಆಮೇಲೆ ನೋಟಿಸು ಬರುತ್ತದೆ.

ಈ ಸೂತ್ರದಲ್ಲಿ ನನಗೆ ಬಲು ಇಷ್ಟವಾದ ಒಂದು ವಿಚಿತ್ರವಿದೆ. ಫರ್ಮ್ ನಷ್ಟದಲ್ಲಿದ್ದರೂ 3 ಲಕ್ಷದವರೆಗೆ ಸಂಬಳ ಖರ್ಚು ಹಾಕಬಹುದು! ಒಂದು ಲಕ್ಷ ಬುಕ್ ಪ್ರಾಫಿಟ್ ಇರುವ ಅಂಗಡಿ 3 ಲಕ್ಷ ಸಂಬಳ ಕೊಟ್ಟು 2 ಲಕ್ಷ ನಷ್ಟ ತೋರಿಸಿ, ಅದನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು. 2024ರ ಬಜೆಟ್ಟಿಗೆ ಮುಂಚೆ ಈ ಕನಿಷ್ಠ ಮೊತ್ತ 1.50 ಲಕ್ಷ ಇತ್ತು, ಶೇ 90ರ ಮೆಟ್ಟಿಲು 3 ಲಕ್ಷಕ್ಕೇ ಮುಗಿಯುತ್ತಿತ್ತು. ಆ ಏರಿಕೆಯನ್ನು ಭಾರೀ ಕೊಡುಗೆ ಎಂದವರಿಗೆ ಒಂದು ಮಾತು: ಬುಕ್ ಪ್ರಾಫಿಟ್ 6 ಲಕ್ಷ ದಾಟಿದ ಮೇಲೆ ಎಷ್ಟೇ ಲಾಭವಿರಲಿ, ಹೆಚ್ಚಾಗಿ ಸಿಗುವ ಮಿತಿ 90 ಸಾವಿರ ಮಾತ್ರ. ಹೆಚ್ಚು ಗಿಟ್ಟಿದ್ದು ನಷ್ಟದ ಅಂಗಡಿಗೇ, ಪೂರಾ ಒಂದೂವರೆ ಲಕ್ಷ.

ನಮ್ಮ ಲೆಕ್ಕಕ್ಕೆ ಬರೋಣ. ಸಂಬಳ ಕಳೆದರೆ ಫರ್ಮಿನ ಆದಾಯ 2.60 ಲಕ್ಷ. ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್ ಸೇರಿ 81,120 ರೂಪಾಯಿ. ಇಬ್ಬರೂ 4.20 ಲಕ್ಷ ಹಂಚಿಕೊಂಡರೆ, ಬಡ್ಡಿ ಸೇರಿಸಿದರೂ, ಬೇರೆ ಆದಾಯ ಇಲ್ಲದಿದ್ದಲ್ಲಿ ಹೊಸ ಪದ್ಧತಿಯ ರಿಯಾಯಿತಿಯಿಂದ ಅವರ ಕೈಯಿಂದ ತೆರಿಗೆ ಹೋಗದು. ಉಳಿದ ಲಾಭದ ಪಾಲಿಗೆ ಪಾಲುದಾರರು ಮತ್ತೆ ತೆರಿಗೆ ಕಟ್ಟುವಂತಿಲ್ಲ.

ಆದರೆ ಪತ್ರದಲ್ಲಿ ಆ ‘ಪರಸ್ಪರ ಒಪ್ಪಿ’ ಸಾಲಿದೆಯಲ್ಲ! ಪ್ರತಿ ದುಡಿಯುವ ಪಾಲುದಾರನ ಸಂಬಳ ಎಷ್ಟು, ಅಥವಾ ಅದನ್ನು ಲೆಕ್ಕ ಹಾಕುವ ಬಗೆ ಯಾವುದು ಎಂದು ಪತ್ರವೇ ಹೇಳಬೇಕೆಂಬುದು ನೇರ ತೆರಿಗೆ ಮಂಡಳಿಯ 1996ರ ಮಾರ್ಚ್ 25ರ 739ನೇ ಸುತ್ತೋಲೆ. ಒಪ್ಪಂದವನ್ನು ಮುಂದಕ್ಕೆ ಬಿಟ್ಟ ಇಂಥದೇ ಪತ್ರವೊಂದರಲ್ಲಿ ದೆಹಲಿ ಹೈಕೋರ್ಟ್ 2011ರಲ್ಲಿ ಇಲಾಖೆಯ ಪರ ನಿಂತಿತು. ಸಂಬಳ ಪೂರ್ತಿ ತಿರಸ್ಕೃತವಾದರೆ ಫರ್ಮಿನ ಆದಾಯ 11 ಲಕ್ಷ, ತೆರಿಗೆ 3,43,200. ಒಂದು ಸಾಲಿನ ಬೆಲೆ 2,62,080 ರೂಪಾಯಿ. ತಿರಸ್ಕೃತ ಸಂಬಳಕ್ಕೆ ಪಾಲುದಾರ ತೆರಿಗೆ ಕಟ್ಟಬೇಕಿಲ್ಲ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು, ಅವರು ಕಟ್ಟುವುದು ಮೊದಲೇ ಏನೂ ಇರಲಿಲ್ಲ.

ಸಾಹುಕಾರರು ‘ಈಗ ತಿದ್ದಿ ಹಳೇ ತಾರೀಖಿನಿಂದ ಜಾರಿ ಅಂತ ಬರದ್ರ?’ ಎಂದು ಕೇಳಿದರು. ಆಗದು. ಪತ್ರ ಆದ ದಿನಕ್ಕಿಂತ ಹಿಂದಿನ ಅವಧಿಯ ಸಂಬಳ ಕಾನೂನಿಗೆ ಸಲ್ಲದು. ಇದರ ಮೇಲೆ, 2025ರ ಏಪ್ರಿಲ್‌ನಿಂದ ಒಬ್ಬ ಪಾಲುದಾರನಿಗೆ ವರ್ಷಕ್ಕೆ 20 ಸಾವಿರ ಮೀರಿ ಸಂಬಳ, ಬಡ್ಡಿ ಜಮಾ ಮಾಡಿದರೆ ಶೇ 10 ಟಿಡಿಎಸ್ ಕಡಿಯಬೇಕು. ಮನೆಮಂದಿಯ ಅಂಗಡಿಗೆ ಇದು ಬರೀ ತಾಪತ್ರಯ ಎಂದೇ ನನ್ನ ಅನಿಸಿಕೆ.

ಫರ್ಮ್ ಇರುವವರು ಪತ್ರ ತೆಗೆದು ಸಂಬಳದ ಸಾಲನ್ನೊಮ್ಮೆ ಓದಿ. ಮೊತ್ತವಾಗಲಿ ಲೆಕ್ಕದ ಸೂತ್ರವಾಗಲಿ ಅದರಲ್ಲಿ ಇಲ್ಲದಿದ್ದರೆ, ಬರುವ ಏಪ್ರಿಲ್ 1ರೊಳಗೆ ತಿದ್ದುಪಡಿ ಪತ್ರ ಬರೆಸಿಕೊಳ್ಳಿ.