ಕೊಕ್ಕು ತುಂಬುವ ಮುನ್ನ

ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ವಸಂತಕಾಲ ಬಂದೊಡನೆ ಸ್ಟಾರ್ಲಿಂಗ್ ಎಂಬ ಹಕ್ಕಿಗೆ ಬಿಡುವೆಂಬುದೇ ಇರುವುದಿಲ್ಲ. ಇದು ನಮ್ಮ ಗೊರವಂಕದ ಕುಲಕ್ಕೇ ಸೇರಿದ ಪಕ್ಷಿ. ಪೊಟರೆಯಲ್ಲಿ ನಾಲ್ಕೈದು ಮರಿಗಳು ಬಾಯ್ದೆರೆದು ಕುಳಿತಿರುತ್ತವೆ. ತಂದೆತಾಯಿಗಳು ದಿನಕ್ಕೆ ನೂರಾರು ಬಾರಿ ಹುಲ್ಲಿಗೂ ಗೂಡಿಗೂ ನಡುವೆ ಹಾರಾಡಿ ಅವುಗಳಿಗೆ ಹುಳುಗಳನ್ನು ತಂದುಣಿಸಬೇಕು. ಒಂದು ಸಲಕ್ಕೆ ಎಷ್ಟು ಹುಳುಗಳನ್ನು ತಂದರೆ ಮರಿಗಳಿಗೆ ಲಾಭ? ಮೇಲ್ನೋಟಕ್ಕೆ ಉತ್ತರ ಸುಲಭ: ಕೊಕ್ಕಿನಲ್ಲಿ ಹಿಡಿಸುವಷ್ಟು. ಆದರೆ ಹಕ್ಕಿ ಹಾಗೆ ಮಾಡುವುದಿಲ್ಲ. ಎಷ್ಟೋ ಸಲ ಅರ್ಧ ತುಂಬಿದ ಕೊಕ್ಕಿನೊಡನೆಯೇ ಅದು ಗೂಡಿಗೆ ಮರಳುತ್ತದೆ.

ಕಾರಣವನ್ನು ತಿಳಿಯಬೇಕಾದರೆ ಅದು ಬೇಟೆಯಾಡುವ ಬಗೆಯನ್ನು ನೋಡಬೇಕು. ಸ್ಟಾರ್ಲಿಂಗ್ ಮುಚ್ಚಿದ ಕೊಕ್ಕನ್ನು ಹುಲ್ಲಿನ ಬುಡಕ್ಕೆ ಚುಚ್ಚಿ, ಅಲ್ಲಿ ಅದನ್ನು ತೆರೆದು, ಬೇರುಗಳನ್ನು ಅಗಲಿಸಿ ಹುಳುವನ್ನು ಹುಡುಕುತ್ತದೆ. ಹಿಡಿದ ಹುಳುಗಳು ಕೊಕ್ಕಿನಲ್ಲೇ ಇರುವುದರಿಂದ, ಹೊರೆ ಹೆಚ್ಚಿದಂತೆಲ್ಲ ಈ ಕೆಲಸ ತೊಡಕಾಗುತ್ತ ಹೋಗುತ್ತದೆ. ಮೊದಲ ಹುಳು ಬೇಗ ಸಿಕ್ಕುತ್ತದೆ. ಆರನೆಯದಕ್ಕೆ ಬಹಳ ಹೊತ್ತು ಹಿಡಿಯುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಇಲ್ಲಿನ ಅಂಕಿಗಳು ವಿವರಣೆಗಾಗಿ ನಾನು ಕಲ್ಪಿಸಿಕೊಂಡವು. ಒಂದರಿಂದ ಏಳರವರೆಗಿನ ಹುಳುಗಳನ್ನು ಹಿಡಿಯಲು ಕ್ರಮವಾಗಿ 2, 3, 4, 6, 9, 14, 20 ಸೆಕೆಂಡುಗಳು ಬೇಕೆಂದಿಟ್ಟುಕೊಳ್ಳಿ. ಗೂಡು ಹತ್ತಿರವಿದೆ, ಹೋಗಿಬರಲು ಒಟ್ಟು 20 ಸೆಕೆಂಡು. ನಾಲ್ಕು ಹುಳುಗಳನ್ನು ಹಿಡಿಯುವ ಹೊತ್ತಿಗೆ ಹುಲ್ಲಿನಲ್ಲಿ 15 ಸೆಕೆಂಡು ಕಳೆದಿರುತ್ತವೆ. ಪಯಣವೂ ಸೇರಿ 35 ಸೆಕೆಂಡು. ಅಂದರೆ ಹುಳುವೊಂದಕ್ಕೆ 8.75 ಸೆಕೆಂಡು. ಐದನೆಯದನ್ನು ಹಿಡಿಯಲು 9 ಸೆಕೆಂಡು ಬೇಕು. ಅದು ಸರಾಸರಿಗಿಂತ ದುಬಾರಿ! ಆದುದರಿಂದ ನಾಲ್ಕಕ್ಕೇ ಹೊರಡುವುದು ಮೇಲು.

ಈಗ ಗೂಡು ದೂರವಿದೆ, ಪಯಣಕ್ಕೆ 60 ಸೆಕೆಂಡು ಎನ್ನೋಣ. ನಾಲ್ಕೇ ಹುಳುಗಳೊಡನೆ ಮರಳಿದರೆ ಹುಳುವೊಂದಕ್ಕೆ 18.75 ಸೆಕೆಂಡು ಬೀಳುತ್ತದೆ. ಐದಕ್ಕೆ 16.8, ಆರಕ್ಕೆ 16.3, ಏಳಕ್ಕೆ ಮತ್ತೆ ಏರಿ 16.9. ಹುಲ್ಲುಗಾವಲು ಅದೇ, ಹುಳುಗಳೂ ಅವೇ. ದಾರಿ ಉದ್ದವಾದ ಮಾತ್ರಕ್ಕೆ ಹೊರೆ ನಾಲ್ಕರಿಂದ ಆರಕ್ಕೆ ಏರಿತು.

ಇದನ್ನೇ 1976ರಲ್ಲಿ ಅಮೆರಿಕದ ವಿಜ್ಞಾನಿ ಎರಿಕ್ ಚಾರ್ನೋವ್ ಗಣಿತದ ಭಾಷೆಯಲ್ಲಿ ನಿರೂಪಿಸಿದರು. ಅದಕ್ಕೆ ಸೀಮಾಂತ ಮೌಲ್ಯ ಪ್ರಮೇಯವೆಂದು ಹೆಸರು. ಒಂದು ತಾಣದಲ್ಲಿ ಮುಂದಿನ ಗಳಿಕೆಯ ವೇಗವು, ಪಯಣದ ಕಾಲವನ್ನೂ ಒಳಗೊಂಡ ಒಟ್ಟು ಸರಾಸರಿ ವೇಗಕ್ಕೆ ಇಳಿದಾಗ ಆ ತಾಣವನ್ನು ಬಿಡಬೇಕು ಎಂಬುದೇ ಅದರ ತಿರುಳು.

ಈ ಲೆಕ್ಕದಲ್ಲಿ ವಿದ್ಯಾರ್ಥಿಗಳು ಎಡವುವುದು ‘ಪಯಣದ ಕಾಲವನ್ನೂ ಒಳಗೊಂಡ’ ಎಂಬ ಮಾತಿನಲ್ಲಿ. ಅದನ್ನು ಮರೆತು, ಹುಲ್ಲಿನಲ್ಲಿ ಕಳೆದ ಕಾಲದ ಸರಾಸರಿಯೊಡನೆ ಮಾತ್ರ ಹೋಲಿಸಿದರೆ ಏನಾಗುತ್ತದೆ? ಮೊದಲ ಹುಳುವಿಗೆ 2 ಸೆಕೆಂಡು, ಎರಡನೆಯದಕ್ಕೆ 3. ಆಗಲೇ ಸರಾಸರಿಗಿಂತ ದುಬಾರಿಯಾಯಿತು. ಪಾಪ, ಹಕ್ಕಿ ಪ್ರತಿ ಸಲವೂ ಒಂದೇ ಹುಳುವನ್ನು ಕಚ್ಚಿಕೊಂಡು ಹಾರಬೇಕಾಗುತ್ತದೆ. ಹತ್ತಿರದ ಗೂಡಿಗೂ ಹುಳುವೊಂದಕ್ಕೆ 22 ಸೆಕೆಂಡು ತಗಲುತ್ತದೆ. ಮರಿಗಳ ಪಾಲು ಅರ್ಧಕ್ಕಿಂತಲೂ ಕಡಮೆಯಾಗುವುದು. ಉತ್ತರವಾಗಿ ಒಂದೇ ಹುಳು ಬಂದರೆ ಲೆಕ್ಕ ತಪ್ಪಿದೆಯೆಂದು ಸಂಶಯಪಡಬಹುದು.

ಹಕ್ಕಿಗಳು ನಿಜವಾಗಿ ಹೀಗೆ ನಡೆಯುತ್ತವೆಯೇ? ಆಕ್ಸ್‌ಫರ್ಡಿನ ಅಲೆಹಾಂದ್ರೊ ಕಾಸೆಲ್ನಿಕ್ ಇದನ್ನು ಬಲು ಸೊಗಸಾಗಿ ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದರು. ಮರಿಗಳಿಗೆ ಉಣಿಸುತ್ತಿದ್ದ ಕಾಡು ಸ್ಟಾರ್ಲಿಂಗ್‌ಗಳಿಗೆ ಮರದ ತಟ್ಟೆಯೊಂದರಿಂದ ಹುಳುಗಳನ್ನು ಒಯ್ಯುವ ಅಭ್ಯಾಸವಾಯಿತು. ಕೊಳವೆಯ ಮೂಲಕ ತಟ್ಟೆಗೆ ಒಂದೊಂದಾಗಿ ಹುಳುಗಳನ್ನು ಬೀಳಿಸಿ, ಅವುಗಳ ನಡುವಣ ಬಿಡುವನ್ನು ಕ್ರಮೇಣ ಹೆಚ್ಚಿಸುತ್ತ ಹೋದರು. ಹುಳುಗಳು ವಿರಳವಾಗುವುದು ಹೀಗೆ ಪ್ರಯೋಗಕಾರನ ಹತೋಟಿಗೆ ಬಂದಿತು. ಗೂಡಿನಿಂದ ತಟ್ಟೆಯ ದೂರವನ್ನು ದಿನದಿಂದ ದಿನಕ್ಕೆ ಬದಲಾಯಿಸಿದಾಗ, ದೂರ ಹೆಚ್ಚಿದಂತೆ ಹಕ್ಕಿಗಳ ಹೊರೆಯೂ ಹೆಚ್ಚಿತು. ಹಾರಾಟಕ್ಕೆ ವ್ಯಯವಾಗುವ ಶಕ್ತಿಯನ್ನೂ ಮರಿಗಳು ಬಳಸುವ ಶಕ್ತಿಯನ್ನೂ ಲೆಕ್ಕಕ್ಕೆ ಹಿಡಿದಾಗ ಹೊಂದಿಕೆ ಇನ್ನಷ್ಟು ನಿಕಟವಾಯಿತು.

ಹಾಗೆಂದು ಹಕ್ಕಿ ಭಾಗಾಕಾರ ಮಾಡುತ್ತದೆಂದು ತಿಳಿಯಬಾರದು. ಯಾವುದೋ ಸರಳ ನಡವಳಿಕೆ ಈ ಫಲಕ್ಕೆ ಸಮೀಪವಾಗಿ ತಂದರೆ ಸಾಕು. ನಮ್ಮ ಲೆಕ್ಕದಲ್ಲಿಯೇ ನೋಡಿ: ಹತ್ತಿರದ ಗೂಡಿಗೆ ನಾಲ್ಕರ ಬದಲು ಐದನ್ನು ಒಯ್ದರೆ ಹುಳುವೊಂದಕ್ಕೆ 8.8 ಸೆಕೆಂಡು, ನಷ್ಟ ಅತ್ಯಲ್ಪ. ಮರಿಗಳ ಹಸಿವಿಗೆ ಪೆಟ್ಟು ಬೀಳುವುದು ದೊಡ್ಡ ತಪ್ಪಿನಿಂದ, ಇಂಥ ಸಣ್ಣ ತಪ್ಪಿನಿಂದಲ್ಲ. ಸುತ್ತಲ ಪ್ರದೇಶದ ಸರಾಸರಿ ಇಷ್ಟೆಂದು ಪ್ರಾಣಿಗೆ ಮೊದಲೇ ಗೊತ್ತಿದೆ ಎಂಬುದು ಪ್ರಮೇಯದ ಗ್ರಹಿಕೆ. ಆದರೆ ಅದನ್ನು ಪ್ರಾಣಿ ಅನುಭವದಿಂದಲೇ ಕಲಿಯಬೇಕು. ಹದ್ದುಗಿಡುಗಗಳ ಭಯದಿಂದ ಪಯಣವನ್ನು ಮುಂದೂಡಲೂ ಬಹುದು. ಬಹುಶಃ ಇಂಥ ಕಾರಣಗಳಿಂದಲೇ, ಅನೇಕ ಪ್ರಯೋಗಗಳಲ್ಲಿ ಪ್ರಾಣಿಗಳು ಲೆಕ್ಕ ಹೇಳಿದುದಕ್ಕಿಂತ ತುಸು ಹೆಚ್ಚು ಹೊತ್ತೇ ಒಂದು ತಾಣದಲ್ಲಿ ಉಳಿದುದು ಕಂಡುಬಂದಿದೆ.